ಶೀಟಿನ ಮಾಡಿನಡಿ ಥರ್ಮೋಕೋಲ್ ಹಾಕುವ ಮೊದಲು: ಬೆಂಕಿ ರೇಟಿಂಗ್ ಓದುವುದು ಹೇಗೆ, ಫೋಮ್ ಮುಚ್ಚುವುದು ಯಾಕೆ

ಮಾರ್ಚ್ ಬಂತೆಂದರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆ ಕಡೆಯ ಎಷ್ಟೋ ಮನೆಗಳಲ್ಲಿ ಒಂದೇ ದೂರು. ತಾರಸಿಯ ಮೇಲೆ ಶೀಟು ಹಾಕಿ, ಅದರಡಿಯಲ್ಲಿ ಒಂದು ಕೋಣೆ ಮಾಡಿಕೊಂಡಿರುತ್ತಾರೆ. ಮಧ್ಯಾಹ್ನ ಆ ಕೋಣೆಯಲ್ಲಿ ಕೂರಲಾಗುವುದಿಲ್ಲ. ಶೀಟು ಹಾಕಿದ್ದು ಮಳೆ ಸೋರದಿರಲಿ, ಅಡಿಕೆ ಒಣಗಲಿ ಎಂದು. ಮಕ್ಕಳ ಓದಿಗೆ ಕೋಣೆ ಬೇಕಾದದ್ದು ಆಮೇಲೆ.

ಸೆಕೆಗೆ ಸಿಗುವ ಸುಲಭದ ಪರಿಹಾರ ಫೋಮ್. ಬಿಳಿ ಥರ್ಮೋಕೋಲ್ ಹಲಗೆ, ಪಫ್ ಎಂದು ಕರೆಯುವ ಹಳದಿ ಪಾಲಿಯುರೆಥೇನ್ ಹಲಗೆ, ಅಥವಾ ಎರಡೂ ಬದಿಗೆ ಬೆಳ್ಳಿ ಬಣ್ಣದ ಫಾಯಿಲ್ ಇರುವ ತೆಳು ಪಾಲಿಥೀನ್ ಫೋಮ್ ಶೀಟು. ಮೂರೂ ಶಾಖ ತಡೆಯುತ್ತವೆ, ಅದರಲ್ಲಿ ಮೋಸವಿಲ್ಲ. ತೊಂದರೆ ಇರುವುದು ಅದನ್ನು ಅಂಟಿಸಿ ಹಾಗೆಯೇ ಬಿಟ್ಟುಬಿಡುವುದರಲ್ಲಿ. ತಲೆಯ ಮೇಲೆ ಬರಿ ಫೋಮ್ ಇರುವ ಕೋಣೆಯಲ್ಲಿ ಮಕ್ಕಳು ಮಲಗುತ್ತಾರೆ. ಹಾಗೆ ಬಿಡಬಾರದು. ಯಾಕೆ ಬಿಡಬಾರದು, ಬಿಲ್ಲಿನ ಜೊತೆ ಬರುವ ಕಾಗದದಲ್ಲಿ ಏನು ನೋಡಬೇಕು, ಫೋಮಿನ ಕೆಳಗೆ ಏನು ಹಾಕಬೇಕು ಎಂಬುದನ್ನು ಒಂದು ಕೋಣೆಯ ಲೆಕ್ಕ ಇಟ್ಟುಕೊಂಡು ನೋಡೋಣ.

ಫೋಮ್ ಅಷ್ಟು ಬೇಗ ಉರಿಯುವುದು ಯಾಕೆ

ಥರ್ಮೋಕೋಲಿನಲ್ಲಿ ನೂರಕ್ಕೆ 98 ಪಾಲು ಗಾಳಿ. ಉಳಿದ ಎರಡು ಪಾಲು ಪಾಲಿಸ್ಟೈರೀನ್ ಪ್ಲಾಸ್ಟಿಕ್. ಅಷ್ಟು ಕಡಿಮೆ ಪ್ಲಾಸ್ಟಿಕ್ ಇದ್ದರೆ ಏನಾಗುತ್ತದೆ ಎಂದು ಅನಿಸಬಹುದು. 12 ಅಡಿ ಅಗಲ, 14 ಅಡಿ ಉದ್ದದ ಕೋಣೆ ತೆಗೆದುಕೊಳ್ಳಿ. ಮೇಲ್ಗಡೆ 168 ಚದರ ಅಡಿ. ಅದಕ್ಕೆ 50 ಮಿಲಿಮೀಟರ್ ದಪ್ಪದ ಸಾಮಾನ್ಯ ಥರ್ಮೋಕೋಲ್ ಹಾಕಿದರೆ ತೂಕ ಸುಮಾರು 12 ಕಿಲೋ. ಪಾಲಿಸ್ಟೈರೀನ್ ಕಿಲೋಗೆ ಕಿಲೋ ಹೋಲಿಸಿದರೆ ಸೌದೆಗಿಂತ ಎರಡು ಪಟ್ಟಿಗೂ ಜಾಸ್ತಿ ಶಾಖ ಕೊಡುತ್ತದೆ. ಹಾಗಾಗಿ ಆ 12 ಕಿಲೋ ಎಂದರೆ ಹೆಚ್ಚುಕಡಿಮೆ 25 ಕಿಲೋ ಒಣ ಸೌದೆ. ಅದೂ ಒಂದು ಮೂಲೆಯಲ್ಲಿ ರಾಶಿ ಹಾಕಿದ್ದಲ್ಲ, ತಲೆಯ ಮೇಲೆ ಇಡೀ ಕೋಣೆಗೆ ಹರಡಿದ್ದು.

ಎರಡನೆಯ ಕಾರಣ ಇನ್ನೂ ಮುಖ್ಯ. ಮುರಕಲ್ಲಿನ ಗೋಡೆಗೆ ಬೆಂಕಿ ತಾಗಿದರೆ ಶಾಖ ಕಲ್ಲಿನ ಒಳಕ್ಕೆ ಇಳಿದುಹೋಗುತ್ತದೆ. ದಪ್ಪ ಮರಕ್ಕೂ ಸ್ವಲ್ಪ ಮಟ್ಟಿಗೆ ಹಾಗೆಯೇ. ಫೋಮಿನ ಗುಣವೇ ಶಾಖವನ್ನು ಒಳಗೆ ಬಿಡದಿರುವುದು. ಹಾಗಾಗಿ ಬಿದ್ದ ಶಾಖ ಎಲ್ಲ ಮೇಲ್ಮೈಯಲ್ಲೇ ನಿಲ್ಲುತ್ತದೆ. ಮೇಲ್ಮೈ ಕೆಲವೇ ಸೆಕೆಂಡಿನಲ್ಲಿ ಹೊತ್ತಿಕೊಳ್ಳುವಷ್ಟು ಬಿಸಿಯಾಗುತ್ತದೆ. ಬೇಸಿಗೆಯಲ್ಲಿ ನಮ್ಮನ್ನು ತಂಪಾಗಿಡುವ ಗುಣವೇ ಬೆಂಕಿಯ ಹೊತ್ತಿಗೆ ತಿರುಗಿ ನಿಲ್ಲುತ್ತದೆ.

ಉರಿಯುವ ರೀತಿ ಎಲ್ಲ ಫೋಮಿಗೂ ಒಂದೇ ಅಲ್ಲ. ಥರ್ಮೋಕೋಲ್ ಸುಮಾರು 100 ಡಿಗ್ರಿಗೆ ಮೆತ್ತಗಾಗಿ ಕುಗ್ಗುತ್ತದೆ. ಆಮೇಲೆ ಕರಗಿ, ಉರಿಯುವ ಹನಿಗಳಾಗಿ ಕೆಳಗೆ ಬೀಳುತ್ತದೆ. ಹಾಸಿಗೆಯ ಮೇಲೆ, ಗೋಣಿಯ ಮೇಲೆ ಬಿದ್ದ ಹನಿ ಅಲ್ಲಿಯೂ ಬೆಂಕಿ ಹಚ್ಚುತ್ತದೆ. ಫಾಯಿಲ್ ಶೀಟಿನೊಳಗಿನ ಪಾಲಿಥೀನೂ ಹೀಗೆಯೇ. ಪಫ್ ಕರಗುವುದಿಲ್ಲ, ಕರಿಕಾಗಿ ಉರಿಯುತ್ತದೆ. ಆದರೆ ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಇರುತ್ತದೆ.

2003ರ ಫೆಬ್ರವರಿ 20ರ ರಾತ್ರಿ ಅಮೆರಿಕದ ರೋಡ್ ಐಲ್ಯಾಂಡಿನ ಸ್ಟೇಷನ್ ಎಂಬ ನೈಟ್‌ಕ್ಲಬ್ಬಿನಲ್ಲಿ ವೇದಿಕೆಯ ಸುತ್ತ ಮುಚ್ಚದೆ ಅಂಟಿಸಿದ್ದ ಪಾಲಿಯುರೆಥೇನ್ ಫೋಮಿಗೆ ಬಿರುಸಿನ ಕಿಡಿ ತಾಗಿತು. 100 ಜನ ಸತ್ತರು. ಆಮೇಲೆ ತನಿಖೆ ಮಾಡಿದವರು ಹೇಳಿದ ಪ್ರಕಾರ ಸುಮಾರು ಒಂದೂವರೆ ನಿಮಿಷದಲ್ಲಿ ಒಳಗೆ ಮನುಷ್ಯ ಬದುಕುವ ಸ್ಥಿತಿ ಇರಲಿಲ್ಲ. 2013ರಲ್ಲಿ ಬ್ರೆಜಿಲ್‌ನ ಸಾಂತಾ ಮರಿಯಾದ ಕಿಸ್ ಕ್ಲಬ್ಬಿನಲ್ಲೂ ಇದೇ ಕತೆ, ಅಲ್ಲಿ ಸತ್ತವರು 242. ಎರಡೂ ಕಡೆ ಇದ್ದದ್ದು ಸದ್ದು ತಡೆಯಲು ಹಾಕಿದ ಮೆದು ಫೋಮ್, ನಮ್ಮ ಹಲಗೆ ಅಲ್ಲ. ಆದರೆ ಮೇಲೆ ಏನೂ ಮುಚ್ಚದೆ ಬಿಟ್ಟದ್ದು ಎರಡೂ ಕಡೆ ಒಂದೇ.

ಮೊದಲ ಹೆಜ್ಜೆ: ಕಾಗದದಲ್ಲಿ ಬರೆದದ್ದು ಯಾವ ಪರೀಕ್ಷೆ ಎಂದು ನೋಡಿ

ಅಂಗಡಿಯಲ್ಲಿ ಕೇಳಿದರೆ "ಇದು ಫೈರ್ ಪ್ರೂಫ್, ಬೆಂಕಿ ಹಿಡಿಯುವುದೇ ಇಲ್ಲ" ಎನ್ನುತ್ತಾರೆ. ಬೆಂಕಿ ಹಿಡಿಯದ ಪ್ಲಾಸ್ಟಿಕ್ ಫೋಮ್ ಇಲ್ಲ. ಇರುವುದು ಸುಲಭಕ್ಕೆ ಹೊತ್ತಿಕೊಳ್ಳದ ಫೋಮ್. ಆದ್ದರಿಂದ ಬಾಯಿಮಾತು ಬಿಟ್ಟು ಕಂಪನಿಯ ಡೇಟಾ ಶೀಟು ಕೇಳಿ, ವಾಟ್ಸಾಪಿನಲ್ಲಿ ಕಳಿಸಿದರೂ ಸಾಕು. ಅದರಲ್ಲಿ ಸಾಮಾನ್ಯವಾಗಿ ಕಾಣುವುದು ಇಷ್ಟು.

ಥರ್ಮೋಕೋಲಿಗೆ ನಮ್ಮ ದೇಶದ ಮಾನಕ ಐಎಸ್ 4671. ಅದರಲ್ಲಿ ಎರಡು ಜಾತಿ: ಎನ್ ಎಂದರೆ ಸಾಮಾನ್ಯ, ಎಸ್‌ಇ ಎಂದರೆ ತಾನಾಗಿ ಆರುವ ಜಾತಿ. ಪೆಟ್ಟಿಗೆ ತುಂಬಲು ಬಳಸುವುದು, ಮದುವೆ ಮಂಟಪದ ಅಲಂಕಾರಕ್ಕೆ ಬರುವುದು ಸಾಮಾನ್ಯ ಜಾತಿ. ಮನೆಗೆ ಎಸ್‌ಇ ಬಿಟ್ಟು ಬೇರೆ ತರಲೇಬೇಡಿ. ಆದರೆ ತಾನಾಗಿ ಆರುವುದು ಎಂದರೆ ಇಷ್ಟೇ: ಸಣ್ಣ ಉರಿ ತೋರಿಸಿ ತೆಗೆದರೆ ಆರುತ್ತದೆ. ಕೆಳಗೆ ಹಾಸಿಗೆ ಹೊತ್ತಿ ಉರಿಯುತ್ತಿದ್ದರೆ ಉರಿಯನ್ನು ತೆಗೆಯುವವರು ಯಾರು? ಆಗ ಎಸ್‌ಇ ಜಾತಿಯೂ ಕರಗುತ್ತದೆ, ಉರಿಯುತ್ತದೆ.

ಪಫ್ ಮತ್ತು ಫಾಯಿಲ್ ಶೀಟಿನ ಕಾಗದದಲ್ಲಿ ಬಿಎಸ್ 476 ಪಾರ್ಟ್ 7, ಕ್ಲಾಸ್ 1 ಎಂದು ಇರುವುದು ಜಾಸ್ತಿ. ಇದು ಬ್ರಿಟಿಷ್ ಪರೀಕ್ಷೆ. ಒಂದು ಪಟ್ಟಿಯನ್ನು ಬಿಸಿ ಫಲಕದ ಪಕ್ಕದಲ್ಲಿ ನಿಲ್ಲಿಸಿ ಹತ್ತು ನಿಮಿಷ ನೋಡುತ್ತಾರೆ. ಉರಿ 165 ಮಿಲಿಮೀಟರ್ ದಾಟದಿದ್ದರೆ ಕ್ಲಾಸ್ 1. ಅಂದರೆ ಇದು ಮೇಲ್ಮೈಯಲ್ಲಿ ಉರಿ ಎಷ್ಟು ದೂರ ಓಡುತ್ತದೆ ಎಂಬ ಲೆಕ್ಕ. ಮೇಲೆ ಅಲ್ಯೂಮಿನಿಯಂ ಫಾಯಿಲ್ ಇದ್ದರೆ ಓಡುವುದು ಕಡಿಮೆಯೇ. ಆದರೆ ಆ ಕೂದಲಿನಷ್ಟು ತೆಳು ಫಾಯಿಲ್ ಶಾಖವನ್ನು ಒಳಗಿನ ಫೋಮಿಗೆ ಬಿಡದೆ ಇರುವುದಿಲ್ಲ. ಜೋಡಣೆಯಲ್ಲಿ, ಸ್ಕ್ರೂ ಹಾಕಿದಲ್ಲಿ, ಇಲಿ ಕಡಿದಲ್ಲಿ ಫಾಯಿಲ್ ಇರುವುದೂ ಇಲ್ಲ.

ಅಮೆರಿಕದ ಪರೀಕ್ಷೆ ಎಎಸ್‌ಟಿಎಂ ಇ84. ಅಲ್ಲಿ ಉರಿ ಹರಡುವಿಕೆಗೆ ಒಂದು ಅಂಕ ಕೊಡುತ್ತಾರೆ. 25ರ ಒಳಗಿದ್ದರೆ ಕ್ಲಾಸ್ ಎ, 75ರ ಒಳಗಿದ್ದರೆ ಬಿ. ಉದ್ದದ ಸುರಂಗದ ಚಾವಣಿಗೆ ಸಾಮಗ್ರಿಯನ್ನು ಕಟ್ಟಿ ಒಂದು ತುದಿಯಿಂದ ಉರಿ ಕೊಡುವ ಪರೀಕ್ಷೆ ಇದು. ಥರ್ಮೋಕೋಲಿನಂಥ ಕರಗುವ ಫೋಮ್ ಇಲ್ಲಿ ಉರಿ ಬರುವ ಮೊದಲೇ ಕರಗಿ ಕೆಳಗೆ ಬೀಳುತ್ತದೆ. ಚಾವಣಿಯಲ್ಲಿ ಉರಿ ಓಡಲು ಸಾಮಗ್ರಿಯೇ ಉಳಿಯುವುದಿಲ್ಲ, ಅಂಕ ಕಡಿಮೆ ಬರುತ್ತದೆ. ಕರಗಿ ಬಿದ್ದದ್ದು ಕೆಳಗೆ ಉರಿಯುತ್ತಿರುತ್ತದೆ. ಹಾಗಾಗಿ ಕಡಿಮೆ ಅಂಕ ನೋಡಿ ನಿಶ್ಚಿಂತೆಯಾಗಬಾರದು. ಅಮೆರಿಕದಲ್ಲೇ 1970ರ ದಶಕದಲ್ಲಿ ಈ ಅಂಕಗಳನ್ನು ತೋರಿಸಿ "ಉರಿಯದ ಫೋಮ್" ಎಂದು ಮಾರುವುದರ ವಿರುದ್ಧ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಕ್ರಮ ಕೈಗೊಂಡಿತು. ಈಗ ಅಲ್ಲಿಯ ಮನೆ ಕಟ್ಟುವ ನಿಯಮ ಎರಡನ್ನೂ ಕೇಳುತ್ತದೆ: ಫೋಮಿನ ಅಂಕ 75 ದಾಟಬಾರದು, ಅಷ್ಟಿದ್ದರೂ ಜನ ಇರುವ ಕಡೆಗೆ ಅರ್ಧ ಇಂಚಿನ ಜಿಪ್ಸಮ್ ಬೋರ್ಡಾದರೂ ಅಥವಾ ಅಷ್ಟೇ ತಡೆಯುವ ಬೇರೆ ಮುಚ್ಚಿಗೆಯಾದರೂ ಇರಬೇಕು. ರೇಟಿಂಗ್ ಚೆನ್ನಾಗಿದೆ ಎಂದು ಮುಚ್ಚಿಗೆ ಬಿಡುವಂತಿಲ್ಲ.

ಯುರೋಪಿನಿಂದ ಬಂದ ಮಾಲಾದರೆ ಎ1ರಿಂದ ಎಫ್‌ವರೆಗೆ ಅಕ್ಷರ ಇರುತ್ತದೆ. ಎ1 ಎಂದರೆ ಉರಿಯದ್ದು, ಕಲ್ಲು ಕರಗಿಸಿ ಎಳೆದ ನಾರಿನ ಹಾಸು, ಅಂದರೆ ಬರಿ ರಾಕ್‌ವೂಲ್, ಈ ಸಾಲಿನದು. ಥರ್ಮೋಕೋಲ್ ಸಾಮಾನ್ಯವಾಗಿ ಇ ಅಥವಾ ಎಫ್. ಅಕ್ಷರದ ಪಕ್ಕ ಡಿ0, ಡಿ1, ಡಿ2 ಎಂದಿದ್ದರೆ ಅದು ಉರಿಯುವ ಹನಿಯ ಲೆಕ್ಕ, ಡಿ0 ಒಳ್ಳೆಯದು.

"ಒಂದು ಗಂಟೆ ಫೈರ್ ರೇಟೆಡ್" ಎಂಬ ಮಾತು ಬಂದರೆ ಸ್ವಲ್ಪ ನಿಂತು ಕೇಳಿ. ಗಂಟೆಯ ಲೆಕ್ಕ ಹಲಗೆಗೆ ಕೊಡುವುದಲ್ಲ. ಫ್ರೇಮು, ಬೋರ್ಡು, ಒಳಗಿನ ತುಂಬು, ಜೋಡಣೆ ಎಲ್ಲ ಸೇರಿದ ಇಡೀ ಗೋಡೆಗೆ ಅಥವಾ ಸೀಲಿಂಗಿಗೆ ಕೊಡುವುದು. ಯಾವ ಜೋಡಣೆಗೆ ಆ ಗಂಟೆ ಸಿಕ್ಕಿತು ಎಂದು ಹೇಳಲಾಗದಿದ್ದರೆ ಆ ಮಾತಿಗೆ ಬೆಲೆಯಿಲ್ಲ.

ಅನುಮಾನ ಇದ್ದರೆ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಬೆಂಕಿಪೆಟ್ಟಿಗೆಯಷ್ಟು ತುಂಡನ್ನು ಇಕ್ಕಳದಲ್ಲಿ ಹಿಡಿದು, ಅಂಗಳದಲ್ಲಿ, ಪಕ್ಕದಲ್ಲಿ ನೀರಿನ ಬಕೆಟ್ ಇಟ್ಟುಕೊಂಡು ಉರಿ ತೋರಿಸಿ. ಹೊಗೆ ಬಾರದ ಕಡೆ ನಿಲ್ಲಿ. ಉರಿ ತೆಗೆದ ಕೂಡಲೇ ಆರಿದರೆ ಎಸ್‌ಇ ಆಗಿರಬಹುದು. ಉರಿಯುತ್ತಲೇ ಹನಿ ಬೀಳುತ್ತಿದ್ದರೆ ಸಾಮಾನ್ಯ ಜಾತಿ, ವಾಪಸ್ ಕೊಡಿ. ಈ ಪರೀಕ್ಷೆ ಕೆಟ್ಟ ಮಾಲನ್ನು ಹಿಡಿದುಕೊಡುತ್ತದೆ, ಅಷ್ಟೇ. ಪಾಸಾದದ್ದನ್ನು ಮುಚ್ಚದೆ ಬಿಡಬಹುದು ಎಂದಲ್ಲ.

ಎರಡನೆಯ ಹೆಜ್ಜೆ: ಮುಚ್ಚಿಗೆ ಯಾವುದು

ಜಿಪ್ಸಮ್ ಬೋರ್ಡನ್ನೇ ಎಲ್ಲರೂ ಹೇಳುವುದಕ್ಕೆ ಕಾರಣ ಅದರೊಳಗಿನ ನೀರು. ಜಿಪ್ಸಮ್ಮಿನ ತೂಕದಲ್ಲಿ ಐದನೇ ಒಂದು ಪಾಲು ನೀರೇ, ಹರಳಿನಲ್ಲಿ ಕಟ್ಟಿಕೊಂಡು ಕೂತಿರುತ್ತದೆ. ಬೆಂಕಿ ತಾಗಿದರೆ ಮೊದಲು ಆ ನೀರು ಆವಿಯಾಗಬೇಕು. ಒಲೆಯ ಮೇಲಿನ ಪಾತ್ರೆಯಲ್ಲಿ ನೀರಿರುವ ತನಕ ತಳ ಸುಡುವುದಿಲ್ಲ ಅಲ್ವಾ, ಹಾಗೆ. ನೀರು ಮುಗಿಯುವ ತನಕ ಬೋರ್ಡಿನ ಹಿಂಬದಿ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಅರ್ಧ ಇಂಚಿನ ಬೋರ್ಡಿನಿಂದ ಸಿಗಬೇಕೆಂದು ಎಣಿಸಿರುವುದು ಸುಮಾರು 15 ನಿಮಿಷ. ಮಲಗಿದವರನ್ನು ಎಬ್ಬಿಸಿ ಕೆಳಗೆ ಇಳಿಸಲು ಬೇಕಾದ ಹೊತ್ತು ಅದು. ಮನೆ ಉಳಿಸುವ ಹೊತ್ತಲ್ಲ.

ಈಗ ಜಿಪ್ಸಮ್ ಬೋರ್ಡಿನ ಬದಲಿಗೆ ನಡೆಯದ ವಸ್ತುಗಳನ್ನು ನೋಡಿ. ಫೋಮಿಗೆ ಬಳಿದ ಪೇಂಟು ಮುಚ್ಚಿಗೆಯಲ್ಲ. ಎಣ್ಣೆ ಪೇಂಟು, ತಿನ್ನರ್, ರಬ್ಬರ್ ಗಮ್ ಥರ್ಮೋಕೋಲನ್ನೇ ಕರಗಿಸಿಬಿಡುತ್ತವೆ. ಅವುಗಳ ಆವಿ ಮುಚ್ಚಿದ ಕೋಣೆಯಲ್ಲಿ ತಾನೇ ಒಂದು ಅಪಾಯ. ಪಿವಿಸಿ ಸೀಲಿಂಗ್ ಪಟ್ಟಿ ಬೆಂಕಿಯ ಶಾಖಕ್ಕೆ ಜೋತು ಕೆಳಗೆ ಬೀಳುತ್ತದೆ. ತೆಳು ಪ್ಲೈವುಡ್ ತಾನೇ ಸೌದೆ. 6 ಮಿಲಿಮೀಟರಿನ ಸಿಮೆಂಟ್ ಬೋರ್ಡ್ ಉರಿಯುವುದಿಲ್ಲ, ನಿಜ. ಆದರೆ ಜಿಪ್ಸಮ್ಮಿನಷ್ಟು ನೀರು ಅದರಲ್ಲಿಲ್ಲ, ಶಾಖ ಬೇಗ ದಾಟುತ್ತದೆ, ಬಿಸಿಗೆ ಬಿರುಕು ಬಿಡುತ್ತದೆ. ಬರಿ ಸಿಮೆಂಟ್ ಬೋರ್ಡೇ ಬೇಕೆಂದಿದ್ದರೆ ಜಾಸ್ತಿ ದಪ್ಪದ್ದನ್ನು, ಪರೀಕ್ಷೆಯ ಕಾಗದ ನೋಡಿಯೇ ಆರಿಸಿ.

ನಮ್ಮ ಕಡೆಯ ಮಳೆಗೆ ಜಿಪ್ಸಮ್ ತಾಳುತ್ತದೆಯೇ ಎಂಬುದು ನ್ಯಾಯವಾದ ಪ್ರಶ್ನೆ. ಒದ್ದೆಯಾದರೆ ಅದು ಜೋಲುತ್ತದೆ, ಕಾಗದ ಬೂಸ್ಟು ಹಿಡಿಯುತ್ತದೆ. ತೇವ ತಡೆಯುವ ಜಾತಿಯ ಬೋರ್ಡ್ ಸಿಗುತ್ತದೆ, ಹೆಚ್ಚಾಗಿ ಹಸಿರು ಕಾಗದದ್ದು. ಅದು ಆಟಿಯ ಥಂಡಿಗೆ ತಾಳುತ್ತದೆ, ಸೋರುವ ಮಾಡಿಗೆ ತಾಳುವುದಿಲ್ಲ. ಸೋರಿಕೆ ಮೊದಲು ನಿಲ್ಲಿಸಬೇಕು, ಆಮೇಲೆ ಸೀಲಿಂಗ್.

ಒಂದು ಕೋಣೆಯ ಲೆಕ್ಕ

ಬದಿಯಡ್ಕ ಕಡೆಯ ಒಂದು ಮನೆ ಎಂದುಕೊಳ್ಳಿ. ತಾರಸಿಯ ಮೇಲೆ ಕಬ್ಬಿಣದ ಟ್ರಸ್, ಬಣ್ಣದ ಶೀಟು. ಒಂದು ಮೂಲೆಯಲ್ಲಿ ಅದೇ 12x14 ಅಡಿಯ ಕೋಣೆ, ಎಂಟು ಅಡಿ ಎತ್ತರದ ಮುರಕಲ್ಲಿನ ಗೋಡೆ. ಗೋಡೆಯ ಆಚೆ ಒಣಗಿದ ಅಡಿಕೆ, ಗೋಣಿ, ಸುಲಿದ ಸಿಪ್ಪೆ. ಸಿಪ್ಪೆ ಬಚ್ಚಲ ಒಲೆಗೆ. ಆ ಒಲೆಯ ಹೊಗೆ ಕೊಳವೆ ಕೋಣೆಯ ಹೊರಗೋಡೆಗೆ ತಾಗಿಯೇ ಮೇಲೆ ಹೋಗಿ ಶೀಟು ದಾಟುತ್ತದೆ. ಮನೆಯವರು ಕೇಳಿದ್ದು ಶೀಟಿನಡಿಗೆ 50 ಮಿಲಿಮೀಟರ್ ಥರ್ಮೋಕೋಲ್ ಅಂಟಿಸಿ ಬಿಳಿ ಪೇಂಟು.

ಮೊದಲು ನೋಡಬೇಕಾದ್ದು ಫೋಮನ್ನಲ್ಲ, ಗೋಡೆಯ ತಲೆಯನ್ನು. ಎಂಟು ಅಡಿಗೆ ಗೋಡೆ ನಿಂತಿದೆ, ಅಲ್ಲಿಂದ ಶೀಟಿನ ತನಕ ಖಾಲಿ. ಕೋಣೆಗೆ ಸೀಲಿಂಗ್ ಹಾಕಿದರೂ ಅದರ ಮೇಲಿನ ಜಾಗ ಅಡಿಕೆ ಇಟ್ಟ ಕಡೆಗೆ ತೆರೆದೇ ಇರುತ್ತದೆ. ಆಚೆ ಸಿಪ್ಪೆಗೆ ಬೆಂಕಿ ಬಿದ್ದರೆ ಉರಿ ಗೋಡೆ ಹತ್ತಿ ನೇರ ಫೋಮಿನ ಬೆನ್ನಿಗೆ ಬರುತ್ತದೆ. ಕೆಳಗಿನ ಜಿಪ್ಸಮ್ ಆಗ ಏನೂ ಮಾಡುವುದಿಲ್ಲ, ಅದು ಕಾಯುವುದು ಕೋಣೆಯ ಕಡೆಯಿಂದ ಬರುವ ಬೆಂಕಿಯನ್ನು ಮಾತ್ರ. ಸೀಲಿಂಗ್ ಕೆಲಸದವರು ಯಾರೂ ಇದನ್ನು ತಾವಾಗಿ ಹೇಳುವುದಿಲ್ಲ, ಅವರ ಕೆಲಸ ಕೋಣೆಯ ಒಳಗೆ. ಹಾಗಾಗಿ ನಾವೇ ಹೇಳಿ ಮಾಡಿಸಬೇಕು: ಗೋಡೆಯನ್ನು ಶೀಟಿನವರೆಗೆ ಏರಿಸುವುದು. ಟ್ರಸ್ಸಿನ ಪೈಪು ಅಡ್ಡ ಬರುವ ಕಡೆ ಫ್ರೇಮು ಕಟ್ಟಿ ಎರಡೂ ಬದಿಗೆ ಬೋರ್ಡ್ ಹಾಕಿ, ಶೀಟಿನ ಏರಿಳಿತದ ಸಂದಿಗೆ ರಾಕ್‌ವೂಲ್ ಒತ್ತಿ ತುಂಬುವುದು. ಆ ಸಂದಿಗೆ ಸ್ಪ್ರೇ ಫೋಮ್ ತುಂಬಿಸಿದರೆ ಮಾಡಿದ ಕೆಲಸ ವ್ಯರ್ಥ.

ಎರಡನೆಯದು, ಈ ಕೋಣೆಗೆ ಫೋಮ್ ಬೇಕೇ? ಶಾಖ ತಡೆಯುವುದರಲ್ಲಿ 50 ಮಿಲಿಮೀಟರ್ ರಾಕ್‌ವೂಲ್ ಅಷ್ಟೇ ದಪ್ಪದ ಥರ್ಮೋಕೋಲಿಗೆ ಹೆಚ್ಚುಕಡಿಮೆ ಸಮ. ಪಫ್ ಮಾತ್ರ ಇವೆರಡಕ್ಕಿಂತ ಮುಂದು, 50 ಮಿಲಿಮೀಟರಿನ ಪಫ್ ಸುಮಾರು 75 ಮಿಲಿಮೀಟರಿನ ಥರ್ಮೋಕೋಲಿಗೆ ಸಮ. ಜಾಗ ಬಹಳ ಕಡಿಮೆ ಇದ್ದಾಗ, ಮೀನಿನ ಕೋಲ್ಡ್ ರೂಮಿನಂಥ ಕಡೆ ಪಫ್ಫಿಗೆ ಅರ್ಥವಿದೆ. ಇಲ್ಲಿ ಶೀಟಿಗೂ ಸೀಲಿಂಗಿಗೂ ನಡುವೆ ಬೇಕಾದಷ್ಟು ಜಾಗ ಇದೆ. ಫೋಮ್ ಹಾಕಿದರೂ ಜಿಪ್ಸಮ್ ಸೀಲಿಂಗ್ ಬೇಕೇ ಬೇಕು. ಸೀಲಿಂಗ್ ಹೇಗೂ ಬರುವುದಾದರೆ ಅದರ ಮೇಲೆ ರಾಕ್‌ವೂಲ್ ಹಾಸುವುದು ನನ್ನ ಆಯ್ಕೆ. ಮೇಲುಗಡೆ ಉರಿಯುವ ವಸ್ತುವೇ ಇರುವುದಿಲ್ಲ. ಜೂನ್ ತಿಂಗಳಲ್ಲಿ ಶೀಟಿನ ಮೇಲೆ ಬೀಳುವ ಮಳೆಯ ಸದ್ದೂ ಇಳಿಯುತ್ತದೆ, ಥರ್ಮೋಕೋಲಿನಿಂದ ಅದು ಅಷ್ಟಾಗಿ ಇಳಿಯುವುದಿಲ್ಲ. ರಾಕ್‌ವೂಲಿನ ದೋಷ ನೀರು. ಒದ್ದೆಯಾದರೆ ಶಾಖ ತಡೆಯುವ ಗುಣ ಹೋಗುತ್ತದೆ, ಒಣಗಲು ಬಹಳ ದಿನ ಬೇಕು. ಹಾಸುವಾಗ ಮಾಸ್ಕು, ಕೈಗವಸು, ಉದ್ದ ತೋಳಿನ ಅಂಗಿ ಬೇಕು, ಮೈ ತುರಿಸುತ್ತದೆ.

ಸಾಮಗ್ರಿಯ ಲೆಕ್ಕ ಹೀಗೆ. ಜಿಪ್ಸಮ್ ಬೋರ್ಡ್ 6x4 ಅಡಿಯದು, 12.5 ಮಿಲಿಮೀಟರ್ ದಪ್ಪ. 168 ಚದರ ಅಡಿಗೆ ಸರಿಯಾಗಿ ಏಳು ಬೋರ್ಡ್, ತುಂಡು ಹೋಗುವುದಕ್ಕೆ ಸೇರಿಸಿ ಎಂಟು ತನ್ನಿ. ಒಂದು ಬೋರ್ಡ್ ಸುಮಾರು 19 ಕಿಲೋ, ಏಳಕ್ಕೆ 133. ಘನ ಮೀಟರಿಗೆ 48 ಕಿಲೋದ ರಾಕ್‌ವೂಲಾದರೆ ಇನ್ನೂ ಸುಮಾರು 37 ಕಿಲೋ. ಫ್ರೇಮಿನ ತೂಕ ಬಿಟ್ಟು 170 ಕಿಲೋ ತೂಗಬೇಕು. ಆದ್ದರಿಂದ ತೂಗುಪಟ್ಟಿಗಳನ್ನು ಟ್ರಸ್ಸಿನ ಪೈಪಿಗೆ ಕಟ್ಟಬೇಕು, ಶೀಟಿಗಾಗಲಿ ಶೀಟಿನ ಸ್ಕ್ರೂಗಾಗಲಿ ಅಲ್ಲ. ಕೆಳಗಿನ ಜಿಐ ಸೆಕ್ಷನ್‌ಗಳು ಒಂದೂವರೆ ಅಡಿಗೊಂದು. ಬೋರ್ಡನ್ನು ಸ್ಕ್ರೂ ಹಾಕಿಯೇ ಕೂರಿಸಬೇಕು, ಒಂಬತ್ತು ಇಂಚಿಗೊಂದು, ಅಂಚಿನಲ್ಲಿ ಆರು ಇಂಚಿಗೊಂದು. ಅಂಟಿಸಿದ ಬೋರ್ಡ್ ಬೆಂಕಿಯ ಬಿಸಿಗೆ ಅಂಟು ಬಿಟ್ಟು ಬೀಳುತ್ತದೆ, ಆಗ ಮುಚ್ಚಿಗೆಯೇ ಇಲ್ಲ. ಜೋಡಣೆಗಳಿಗೆ ಟೇಪು ಹಾಕಿ ಪುಟ್ಟಿ ತುಂಬಬೇಕು. ಎರಡಡಿ ಚೌಕದ ತೆಗೆದಿಡುವ ಸೀಲಿಂಗ್ ಟೈಲುಗಳು ಇದಕ್ಕೆ ಬದಲಲ್ಲ, ಒಂದು ಟೈಲು ಸರಿದರೆ ಸಾಕು ಉರಿ ಮೇಲೆ ಹೋಗುತ್ತದೆ.

ಹೊಗೆ ಕೊಳವೆಯ ಸುತ್ತ ಒಂದೂವರೆ ಅಡಿ ಉರಿಯುವ ಯಾವ ವಸ್ತುವೂ ಬೇಡ. ಆ ಕಡೆಯ ಗೋಡೆಗೆ ಫೋಮ್ ಒರಗಿಸಬೇಡಿ. ಸಿಪ್ಪೆಯ ರಾಶಿಗೂ ಇದೇ ಅಳತೆ.

ಕೆಲಸದ ಕ್ರಮ

ಫೋಮೇ ಹಾಕುವುದೆಂದು ತೀರ್ಮಾನಿಸಿದವರು ಒಂದನ್ನು ಬಿಗಿಯಾಗಿ ಹಿಡಿಯಬೇಕು: ವೆಲ್ಡಿಂಗ್ ಮತ್ತು ಕಟಿಂಗ್ ಎಲ್ಲ ಮುಗಿದ ಮೇಲೆಯೇ ಫೋಮ್ ಮನೆಯೊಳಗೆ ಬರಬೇಕು. ಟ್ರಸ್ಸಿಗೆ ಒಂದು ಪೈಪು ಸೇರಿಸಲು ವೆಲ್ಡಿಂಗಿನವರು ಆಮೇಲೆ ಬಂದು, ಹಾರಿದ ಕಿಡಿ ಫೋಮಿನ ಸಂದಿಗೆ ಹೋಗಿ ಕೂರುವುದು ಈ ಸಾಮಗ್ರಿಯ ಬಹು ಪರಿಚಿತ ಅವಘಡ. ಫೋಮ್ ಬಂದ ದಿನದಿಂದ ಮುಚ್ಚುವ ತನಕ ಅಲ್ಲಿ ಬೀಡಿ ಸಿಗರೇಟು ಬೇಡ. ಇಂದು ಫೋಮ್, ಬೋರ್ಡ್ ಮುಂದಿನ ತಿಂಗಳು ಎಂದು ಬಿಡಬೇಡಿ, ಎರಡಕ್ಕೂ ಒಟ್ಟಿಗೆ ಹಣ ಹೊಂದಿಸಿಕೊಂಡು ಶುರು ಮಾಡಿ. ಥರ್ಮೋಕೋಲನ್ನು ಶೀಟಿಗೆ ತಾಗಿಸಬೇಡಿ. ಏಪ್ರಿಲ್ ಬಿಸಿಲಿನಲ್ಲಿ ಶೀಟು 60 ಡಿಗ್ರಿ ದಾಟಬಹುದು. ಥರ್ಮೋಕೋಲ್ ದಿನವೂ ತಾಳುವುದು 75-80 ಡಿಗ್ರಿಯ ತನಕ. ನಡುವೆ ಗಾಳಿಯಾಡಿದರೆ ಹಲಗೆ ಕುಗ್ಗುವ ಭಯವಿಲ್ಲ.

ವಯರಿಂಗ್ ಸೀಲಿಂಗ್ ಮುಚ್ಚುವ ಮೊದಲೇ ಆಗಬೇಕು. ಥರ್ಮೋಕೋಲಿಗೆ ಪಿವಿಸಿ ವಯರ್ ತಾಗಿಕೊಂಡಿದ್ದರೆ ವಯರಿನ ಹೊದಿಕೆಯಲ್ಲಿ ಅದನ್ನು ಮೆತ್ತಗಿಡುವ ಎಣ್ಣೆಯಂಥ ಅಂಶ ನಿಧಾನಕ್ಕೆ ಫೋಮಿಗೆ ಇಳಿಯುತ್ತದೆ. ವರ್ಷಗಳಲ್ಲಿ ಹೊದಿಕೆ ಗಡುಸಾಗಿ ಬಿರುಕು ಬಿಡುತ್ತದೆ. ಇನ್ನೊಂದು, ಸುತ್ತಲೂ ಇನ್ಸುಲೇಷನ್ ಮುಚ್ಚಿಕೊಂಡ ವಯರಿನ ಶಾಖ ಹೊರಗೆ ಹೋಗುವುದಿಲ್ಲ. ಅರ್ಧ ಮೀಟರಿನಷ್ಟು ಉದ್ದ ಹಾಗೆ ಹುದುಗಿದ್ದರೂ ಅದರಲ್ಲಿ ಹರಿಸಬಹುದಾದ ಕರೆಂಟನ್ನು ಅರ್ಧಕ್ಕೆ ಇಳಿಸಿ ಲೆಕ್ಕ ಹಾಕುತ್ತಾರೆ. ಈ ಕೋಣೆಗೆ ಮುಂದೆ ಎಸಿ ಬರುವುದಿದ್ದರೆ ಅದರ ವಯರನ್ನು ಗೋಡೆಯ ಮೇಲೆಯೇ ತನ್ನಿ. ಉಳಿದದ್ದು ಲೋಹದ ಪೈಪಿನಲ್ಲಿ, ಫೋಮಿನಿಂದ ದೂರ. ಸೀಲಿಂಗಿನಲ್ಲಿ ತೂತು ಕೊರೆದು ಕೂರಿಸುವ ಲೈಟ್ ಬೇಡ. ಪ್ರತಿ ತೂತೂ ಮುಚ್ಚಿಗೆಯಲ್ಲಿ ಒಂದು ಕಿಂಡಿ, ಲೈಟಿನ ಶಾಖವೂ ಅಲ್ಲೇ ಸೇರುತ್ತದೆ. ಮೇಲ್ಮೈಗೆ ಕೂರುವ ಲೈಟ್ ಹಾಕಿ. ದೇವರ ದೀಪ ಇಡುವ ಮೂಲೆ ಈ ಕೋಣೆಯಲ್ಲಿದ್ದರೆ ಅದರ ನೇರ ಮೇಲೆ ಯಾವ ಜೋಡಣೆಯೂ ಬಾರದಂತೆ ಬೋರ್ಡ್ ಕತ್ತರಿಸಿ.

ಕೆಲಸದವರು ಹೋಗುವ ಮೊದಲು ಕೋಣೆಯ ಲೈಟ್ ಆರಿಸಿ, ಸೀಲಿಂಗಿನ ಮೇಲೆ ಒಬ್ಬರು ಟಾರ್ಚ್ ಹಿಡಿಯಲಿ. ಕೆಳಗೆ ನಿಂತು ನೋಡಿ. ಗೋಡೆ ಸೇರುವ ಅಂಚಿನಲ್ಲಿ, ಫ್ಯಾನಿನ ಕೊಕ್ಕೆಯ ಸುತ್ತ, ವಯರ್ ಇಳಿದ ಕಡೆ ಬೆಳಕು ಕಂಡರೆ ಅಷ್ಟೂ ಕಡೆ ಸಂದಿ ಇದೆ ಎಂದು ಅರ್ಥ. ಬೆಂಕಿಗೆ ತಾಳುವ ಸೀಲಂಟಿನಿಂದ ಅಥವಾ ಜಿಪ್ಸಮ್ ಪುಟ್ಟಿಯಿಂದ ಮುಚ್ಚಿಸಿ. ಮೇಲೆ ಹತ್ತಲು ಬಿಟ್ಟ ಕಿಂಡಿಯ ಬಾಗಿಲಿಗೂ ಅದೇ 12.5 ಮಿಲಿಮೀಟರ್ ಬೋರ್ಡ್ ಇರಬೇಕು, ಪ್ಲೈವುಡ್ ತುಂಡಲ್ಲ.

ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಆ ಕಿಂಡಿ ತೆಗೆದು ಒಮ್ಮೆ ನೋಡಿ. ಬೋರ್ಡಿನ ಮೇಲೆ ಹಳದಿ ಕಲೆ ಇದ್ದರೆ ಅದರ ನೇರ ಮೇಲೆ ಶೀಟಿನ ಸ್ಕ್ರೂ ಸೋರುತ್ತಿದೆ, ಹೆಚ್ಚಿನ ಸಲ ಅದರ ರಬ್ಬರ್ ವಾಷರ್ ಹೋಗಿರುತ್ತದೆ. ವಾಷರ್ ಬದಲಿಸಿ. ಬೆರಳಿನಿಂದ ಒತ್ತಿದಾಗ ಮೆತ್ತಗಿರುವ ಬೋರ್ಡ್ ಒಣಗಿದರೂ ಮೊದಲಿನಂತಾಗುವುದಿಲ್ಲ. ಅಷ್ಟು ತುಂಡನ್ನು ಫ್ರೇಮಿನಿಂದ ಫ್ರೇಮಿಗೆ ಕತ್ತರಿಸಿ ತೆಗೆದು ಹೊಸದು ಕೂರಿಸಿ, ಮತ್ತೆ ಟೇಪು, ಪುಟ್ಟಿ ಹಾಕಿಸಿ.